ದೂರದಿಂದ ಅಂಗಡಿ ಲೆಕ್ಕ: ಮಾಲೀಕರು ಬ್ಯಾಂಕ್ ಪಾಸ್‌ವರ್ಡನ್ನೇ ಕಳಿಸಿಬಿಟ್ಟಿದ್ದಾರೆ, ಕಾರ್ಡ್ ಹಣ ತಾಳೆಯಾಗುತ್ತಿಲ್ಲ, ಶುಲ್ಕ ಎಷ್ಟು ಹೇಳಲಿ?

ಹೊಸಲೆಡ್ಜರ್

ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಕೆಲಸ ಶುರು ಮಾಡಿದ್ದೇನೆ. ಮೊದಲ ಗಿರಾಕಿ ಒಂದು ಸ್ಟೇಷನರಿ ಅಂಗಡಿ. ಮಾಲೀಕರನ್ನು ಇನ್ನೂ ಮುಖತಃ ನೋಡಿಲ್ಲ. ಎಲ್ಲ ಮಾತೂ ಫೋನಿನಲ್ಲೇ.

ಮೂರು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಸ್ಟೇಟ್‌ಮೆಂಟ್ ಕೇಳಿದರೆ ಅವರು ನೆಟ್ ಬ್ಯಾಂಕಿಂಗ್ ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟರು. "ಒಟಿಪಿ ಬಂದಾಗ ಫೋನ್ ಮಾಡಿ, ಹೇಳ್ತೀನಿ" ಅಂದರು. ನಾನು ಇನ್ನೂ ಲಾಗಿನ್ ಆಗಿಲ್ಲ, ಪಿಡಿಎಫ್ ಸ್ಟೇಟ್‌ಮೆಂಟ್ ತರಿಸಿಕೊಂಡು ಕೈಯಲ್ಲೇ ಟೈಪ್ ಮಾಡಿದೆ.

ಎರಡು, ತಿಂಗಳ ಕಾರ್ಡ್ ಮಾರಾಟ 1,50,000. ಬ್ಯಾಂಕಿಗೆ ಕಾರ್ಡ್ ಹಣ ಅಂತ ಬಂದದ್ದು 1,41,137. ವ್ಯತ್ಯಾಸ 8,863. ಇದನ್ನು ಮಾಲೀಕರಿಗೆ ಹೇಳಿದ ತಕ್ಷಣ ಅವರು ಕೌಂಟರ್‌ನಲ್ಲಿ ಕೂರುವ ಹುಡುಗನ ಮೇಲೆ ಅನುಮಾನ ಪಡುತ್ತಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.

ಮೂರು, ತಿಂಗಳ ಶುಲ್ಕ ಎಷ್ಟು ಕೇಳಬೇಕು ಅಂತ ಗೊತ್ತಾಗುತ್ತಿಲ್ಲ.

ಗಲ್ಲಾಪೆಟ್ಟಿಗೆ

ನಾನೂ ಒಬ್ಬ ಅಂಗಡಿ ಮಾಲೀಕ, ಆದರೆ ನಿಮ್ಮ ಗಿರಾಕಿ ಅಲ್ಲ. ಅವರು ಪಾಸ್‌ವರ್ಡ್ ಕೊಟ್ಟದ್ದು ನಂಬಿಕೆಯಿಂದ, ಅದನ್ನು ತಪ್ಪು ಅನ್ನಬೇಡಿ. ನನ್ನ ಕಷ್ಟ ಬೇರೆ. ನಮ್ಮ ಹಿಂದಿನ ಲೆಕ್ಕದವರು ಸಾಫ್ಟ್‌ವೇರ್ ಖಾತೆಯನ್ನು ಅವರ ಇಮೇಲ್‌ನಲ್ಲೇ ತೆರೆದಿದ್ದರು. ಎರಡು ವರ್ಷ ಆದ ಮೇಲೆ ಬಿಟ್ಟು ಹೋದರು. ಈಗ ಫೋನ್ ಎತ್ತುವುದಿಲ್ಲ. ಎರಡು ವರ್ಷದ ನನ್ನದೇ ಲೆಕ್ಕ ನನಗೆ ಕಾಣಿಸುವುದಿಲ್ಲ. ತಿಂಗಳ ಶುಲ್ಕ ತಪ್ಪದೆ ಕೊಟ್ಟಿದ್ದೆ. ಇದಕ್ಕೆ ಏನು ಮಾಡಬೇಕು ಹೇಳಿ.

ತಾಳೆಪಟ್ಟಿ

ಹೊಸಲೆಡ್ಜರ್ ಅವರೇ, ಮೊದಲು ಹುಡುಗನ ವಿಷಯ. ಇವತ್ತೇ ಮಾಲೀಕರಿಗೆ ಫೋನ್ ಮಾಡಿ, "ಇದು ಇನ್ನೂ ತಾಳೆ ನೋಡದ ಅಂಕಿ, ಇದರ ಮೇಲೆ ಯಾರನ್ನೂ ಏನೂ ಕೇಳಬೇಡಿ" ಅಂತ ಹೇಳಿ. ತಾಳೆ ಮುಗಿಯುವ ಮೊದಲು ವ್ಯತ್ಯಾಸದ ಮೊತ್ತವನ್ನು ಹೊರಗೆ ಹೇಳಬಾರದು. ನಾನು ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕಾರ್ಡ್ ವ್ಯತ್ಯಾಸ ಹೆಚ್ಚಿನ ಸಲ ಕಳ್ಳತನ ಆಗಿರುವುದಿಲ್ಲ. ಅಲ್ಲದೆ ಕಾರ್ಡ್ ಹಣ ಕೌಂಟರ್‌ನವರ ಕೈಗೆ ಬರುವುದೇ ಇಲ್ಲ, ಅಲ್ವಾ? ಕೈಗೆ ಬರುವುದು ನಗದು.

ಕಾರ್ಡ್ ಮಾರಾಟಕ್ಕೂ ಬ್ಯಾಂಕಿಗೆ ಬಂದ ಹಣಕ್ಕೂ ನೇರ ಹೋಲಿಕೆ ಮಾಡಿದರೆ ಯಾವತ್ತೂ ಸರಿ ಬರಲ್ಲ. ನಡುವೆ ಮೂರು ಸಂಗತಿ ನಡೆಯುತ್ತವೆ. ಕಾರ್ಡ್ ಮಷಿನ್ ಕಂಪನಿ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತದೆ. ವಾಪಸ್ ಕೊಟ್ಟ ಸರಕಿನ ಹಣವನ್ನು ಅದರಲ್ಲೇ ಕಳೆಯುತ್ತದೆ. ಮತ್ತೆ ಇವತ್ತಿನ ಹಣ ಒಂದೆರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ನಡುವೆ ಒಂದು ಖಾತೆ ಇಡಬೇಕು. ನಾನು ಅದಕ್ಕೆ "ಕಾರ್ಡ್ ಬರಬೇಕಾದ್ದು" ಅಂತ ಹೆಸರಿಡುತ್ತೇನೆ, ಕೆಲವರು ಕ್ಲಿಯರಿಂಗ್ ಖಾತೆ ಅನ್ನುತ್ತಾರೆ.

ಎರಡು ದಿನದ ಲೆಕ್ಕ ತೋರಿಸುತ್ತೇನೆ. ಸೋಮವಾರ ಕಾರ್ಡ್ ಮಾರಾಟ 6,200. ಮಂಗಳವಾರ 5,400, ಅವತ್ತೇ 300ರ ಒಂದು ರೀಫಂಡ್. ಕಮಿಷನ್ ನೂರಕ್ಕೆ 2 ಅಂತ ಇಟ್ಟುಕೊಳ್ಳಿ. ಆ ಖಾತೆಗೆ ಮಾರಾಟ 11,600 ಏರುತ್ತದೆ, ರೀಫಂಡ್ 300 ಇಳಿಯುತ್ತದೆ. ಬುಧವಾರ ಬ್ಯಾಂಕಿಗೆ 6,076 ಬರುತ್ತದೆ. ಅದರ ಜೊತೆಗೆ 124 ಕಮಿಷನ್ ಖರ್ಚು ಬರೆಯಿರಿ, ಒಟ್ಟು 6,200 ಇಳಿಯಿತು. ಗುರುವಾರ 4,992 ಬರುತ್ತದೆ, ಕಮಿಷನ್ 108, ಒಟ್ಟು 5,100 ಇಳಿಯಿತು. ಈಗ ಖಾತೆಯಲ್ಲಿ ಉಳಿದದ್ದು ಸೊನ್ನೆ. ಗಮನಿಸಿ, ರೀಫಂಡ್ ಕೊಟ್ಟರೂ 5,400ರ ಮೇಲೆ ಪೂರ್ತಿ ಕಮಿಷನ್ ಹೋಗಿದೆ. ಕೆಲವು ಕಂಪನಿಗಳು ರೀಫಂಡ್ ಆದಾಗ ಕಮಿಷನ್ ವಾಪಸ್ ಕೊಡುವುದಿಲ್ಲ. ನಿಮ್ಮ ಕಂಪನಿಯ ಸೆಟಲ್‌ಮೆಂಟ್ ರಿಪೋರ್ಟ್ ನೋಡಿದರೆ ಗೊತ್ತಾಗುತ್ತದೆ.

ತಿಂಗಳ ಕೊನೆಯಲ್ಲಿ ಆ ಖಾತೆಯಲ್ಲಿ ಕೊನೆಯ ಒಂದೆರಡು ದಿನದ ಮಾರಾಟ ಮಾತ್ರ ಉಳಿದಿರಬೇಕು. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಹೋದರೆ ಎಲ್ಲೋ ಕಮಿಷನ್ ಬರೆಯುವುದು ಬಿಟ್ಟಿದ್ದೀರಿ. ಒಂದೇ ದಿನ ದೊಡ್ಡದಾಗಿ ಏರಿ ಹಾಗೇ ನಿಂತರೆ ಒಂದು ದಿನದ ಹಣ ಬಂದಿಲ್ಲ, ಇಲ್ಲವೇ ಬಂದದ್ದನ್ನು ಬೇರೆ ಖಾತೆಗೆ ಬರೆದಿದ್ದೀರಿ. ಸೊನ್ನೆಗಿಂತ ಕೆಳಗೆ ಹೋದರೆ ಮಾರಾಟವೇ ಪೂರ್ತಿ ಬರೆದಿಲ್ಲ.

ನಿಮ್ಮ ಹತ್ತಿರ ಮೂರು ಅಂಕಿ ಇವೆಯಾ? ತಿಂಗಳ ಒಟ್ಟು ರೀಫಂಡ್, ಹಿಂದಿನ ತಿಂಗಳಿಂದ ಬರಬೇಕಿದ್ದ ಮಾರಾಟ, ಈ ತಿಂಗಳ ಕೊನೆಗೆ ಬರದೆ ಉಳಿದ ಮಾರಾಟ.

ಸರಳಲೆಕ್ಕ

ಇಷ್ಟೆಲ್ಲಾ ಯಾಕೆ? ಬ್ಯಾಂಕಿಗೆ ಬಂದದ್ದೇ ಮಾರಾಟ ಅಂತ ಬರೆದರೆ ಮುಗಿಯಿತು. ನಾನು ನಾಲ್ಕು ಅಂಗಡಿಗೆ ಹಾಗೇ ಮಾಡುತ್ತೇನೆ. ಬ್ಯಾಂಕ್ ಖಾತೆ ಯಾವಾಗಲೂ ತಾಳೆ ಆಗುತ್ತದೆ.

ತಾಳೆಪಟ್ಟಿ

ಸರಳಲೆಕ್ಕ ಅವರೇ, ಬ್ಯಾಂಕ್ ತಾಳೆ ಆಗುತ್ತದೆ ಅನ್ನುವುದು ನಿಜ. ಆದರೆ ಮಾರಾಟ ಕಡಿಮೆ ಕಾಣುತ್ತದೆ, ಕಮಿಷನ್ ಖರ್ಚು ಪುಸ್ತಕದಲ್ಲಿ ಇರುವುದೇ ಇಲ್ಲ. ತಿಂಗಳಿಗೆ 1,50,000 ಕಾರ್ಡ್ ಮಾರಾಟ ಇರುವ ಅಂಗಡಿ ನೂರಕ್ಕೆ 2ರಂತೆ ವರ್ಷಕ್ಕೆ 36,000 ಕಮಿಷನ್ ಕಟ್ಟುತ್ತಿದೆ. ಆ ಸಾಲು ಕಣ್ಣಿಗೆ ಬಿದ್ದರೆ ಮಾಲೀಕರು ಕಂಪನಿ ಜೊತೆ ಚೌಕಾಸಿ ಮಾಡಬಹುದು. ಮಾರಾಟದ ಮೇಲೆ ತೆರಿಗೆ ಇರುವ ಕಡೆ ಲೆಕ್ಕ ಹಾಕುವುದು ಗಿರಾಕಿ ಕೊಟ್ಟ ಪೂರ್ತಿ ಮೊತ್ತದ ಮೇಲೆ, ಬ್ಯಾಂಕಿಗೆ ಬಂದದ್ದರ ಮೇಲೆ ಅಲ್ಲ. ನಾಳೆ ಮಷಿನ್ ರಿಪೋರ್ಟ್ ಒಂದು ಹೇಳಿ ನಿಮ್ಮ ಪುಸ್ತಕ ಇನ್ನೊಂದು ಹೇಳಿದರೆ ಉತ್ತರ ಕೊಡಬೇಕಾದವರು ಮಾಲೀಕರು.

ಸರಳಲೆಕ್ಕ

ಕಮಿಷನ್ ವಿಷಯ ಒಪ್ಪಿದೆ. ವರ್ಷದ ಕೊನೆಗೆ ಒಂದೇ ಸಲ ಸರಿ ಮಾಡಿದರೂ ಸಾಕು ಅಂತ ನನಗೆ ಈಗಲೂ ಅನಿಸುತ್ತದೆ. ತುಂಬಾ ಸಣ್ಣ ಅಂಗಡಿಗೆ ದಿನದಿನದ ಲೆಕ್ಕದ ಶುಲ್ಕ ಕೊಡುವ ಶಕ್ತಿ ಇರಲ್ಲ.

ಹೊಸಲೆಡ್ಜರ್

ತಾಳೆಪಟ್ಟಿ ಅವರೇ, ಮಾಲೀಕರಿಗೆ ಫೋನ್ ಮಾಡಿದೆ. ಹುಡುಗನನ್ನು ಇನ್ನೂ ಏನೂ ಕೇಳಿರಲಿಲ್ಲ, ಸದ್ಯ.

ಅಂಕಿಗಳು ಸಿಕ್ಕಿದವು. ಹಿಂದಿನ ತಿಂಗಳಿಂದ ಬರಬೇಕಿದ್ದದ್ದು 4,000. ಈ ತಿಂಗಳ ಕೊನೆಗೆ ಉಳಿದದ್ದು 9,000. ರೀಫಂಡ್ 900. ಕಮಿಷನ್ ನೂರಕ್ಕೆ 2.

ನಾನು ಮಾಡಿದ್ದು ಹೀಗೆ. 4,000 ಕೂಡಿಸು 1,50,000 ಕಳೆ 9,000, ಅಂದರೆ 1,45,000 ಮಾರಾಟದ ಹಣ ಈ ತಿಂಗಳು ಬಂದಿರಬೇಕು. ಅದರ ಕಮಿಷನ್ 2,900, ರೀಫಂಡ್ 900 ಕಳೆದರೆ 1,41,200. ನನ್ನ ಹಾಳೆಯಲ್ಲಿ ಇರುವುದು 1,41,137. ಇನ್ನೂ 63 ಕಡಿಮೆ. 8,863 ಇದ್ದದ್ದು 63ಕ್ಕೆ ಇಳಿಯಿತು. ಆದರೂ ಈ 63 ಎಲ್ಲಿ ಹೋಯಿತು?

ತಾಳೆಪಟ್ಟಿ

63 ಒಂಬತ್ತರಿಂದ ಭಾಗ ಹೋಗುತ್ತದೆ. ಹಾಗೆ ಹೋದರೆ ಮೊದಲು ಅನುಮಾನ ಪಡಬೇಕಾದದ್ದು ಪಕ್ಕಪಕ್ಕದ ಎರಡು ಅಂಕೆ ಅದಲುಬದಲಾಗಿದೆಯಾ ಅಂತ. ಎರಡು ಅಂಕೆ ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರ ಗುಣಕ. ಇಲ್ಲಿ 63ನ್ನು 9ರಿಂದ ಭಾಗಿಸಿದರೆ 7. ಅಂದರೆ ಬಿಡಿ ಮತ್ತು ಹತ್ತರ ಸ್ಥಾನದ ಅಂಕೆಗಳ ನಡುವೆ 7ರ ಅಂತರ ಇರುವ ಸಾಲು ಹುಡುಕಿ: 92, 81, 70, ಅಥವಾ ತಿರುಗುಮುರುಗು. ಪಿಡಿಎಫ್ ನೋಡಿ ಕೈಯಲ್ಲಿ ಟೈಪ್ ಮಾಡಿದ್ದೀರಿ ಅಂದಿರಲ್ಲ, ಅಲ್ಲೇ ಸಿಗಬಹುದು. ಇನ್ನೊಂದು ಗುರುತು: ತಪ್ಪು ಅಲ್ಲೇ ಇದ್ದರೆ ನಿಮ್ಮ ಬ್ಯಾಂಕ್ ಪುಸ್ತಕದ ಕೊನೆಯ ಬಾಕಿ ಕೂಡ ಸ್ಟೇಟ್‌ಮೆಂಟ್‌ಗಿಂತ ಸರಿಯಾಗಿ 63 ಕಡಿಮೆ ಇರಬೇಕು.

ಹೊಸಲೆಡ್ಜರ್

ಸಿಕ್ಕಿತು! ಸ್ಟೇಟ್‌ಮೆಂಟ್‌ನಲ್ಲಿ 4,992, ನಾನು ಹಾಕಿದ್ದು 4,929. ಬ್ಯಾಂಕ್ ಬಾಕಿಯೂ ಸರಿಯಾಗಿ 63 ಕಡಿಮೆ ಇತ್ತು. ಮಾಲೀಕರಿಗೆ ಈಗಲೇ ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ಒಳ್ಳೇದಾಯ್ತು" ಅಂದರು.

ಬೀಗದಕೈ

ಹಣದ ಭಾಗ ಮುಗಿಯಿತಲ್ಲ, ಈಗ ಪಾಸ್‌ವರ್ಡ್ ವಿಷಯಕ್ಕೆ ಬನ್ನಿ. ಅದೇ ಎಲ್ಲಕ್ಕಿಂತ ಮುಖ್ಯ.

ನೀವು ಲಾಗಿನ್ ಆಗದೆ ಇದ್ದದ್ದು ಸರಿ. ಈಗ ಮಾಲೀಕರಿಗೆ ಹೇಳಿ ಆ ಪಾಸ್‌ವರ್ಡ್ ಬದಲಾಯಿಸಲಿ. ಬರೀ ಮೆಸೇಜ್ ಅಳಿಸಿದರೆ ಸಾಲದು. ಅದು ಅವರ ಫೋನಿನ ಬ್ಯಾಕಪ್‌ನಲ್ಲೂ ನಿಮ್ಮ ಬ್ಯಾಕಪ್‌ನಲ್ಲೂ ಉಳಿದಿರಬಹುದು. ಬದಲಾಯಿಸಿದರೆ ಹಳೆಯದು ಎಲ್ಲಿದ್ದರೂ ಕೆಲಸಕ್ಕೆ ಬಾರದು.

ಬೇರೊಬ್ಬರ ಲಾಗಿನ್ ಬಳಸಿದರೆ ಬ್ಯಾಂಕಿನ ದಾಖಲೆಯಲ್ಲಿ ನೀವು ಯಾರು, ಅವರು ಯಾರು ಅಂತ ಬೇರೆ ಕಾಣುವುದಿಲ್ಲ. ನಾಳೆ ಒಂದು ಪಾವತಿ ತಪ್ಪಾದರೆ ಅದು ನಿಮ್ಮದಲ್ಲ ಅಂತ ತೋರಿಸಲು ದಾರಿಯೇ ಇರಲ್ಲ. ಒಟಿಪಿಯನ್ನು ಫೋನಿನಲ್ಲಿ ಕೇಳುವ ಅಭ್ಯಾಸ ಇನ್ನೂ ಅಪಾಯ. ಮಾಲೀಕರಿಗೆ "ಲೆಕ್ಕದವರು ಕೇಳಿದರೆ ಒಟಿಪಿ ಹೇಳಬಹುದು" ಅಂತ ರೂಢಿ ಆಗುತ್ತದೆ. ಮುಂದೊಂದು ದಿನ ನಿಮ್ಮ ಹೆಸರು ಹೇಳಿಕೊಂಡು ಇನ್ಯಾರೋ ಕೇಳುತ್ತಾರೆ.

ಅನೇಕ ಬ್ಯಾಂಕುಗಳು ವ್ಯಾಪಾರದ ಖಾತೆಗೆ ನೋಡಲು ಮಾತ್ರ ಅವಕಾಶ ಇರುವ ಎರಡನೇ ಯೂಸರ್ ಕೊಡುತ್ತವೆ. ಅದನ್ನು ಕೇಳಿ. ಸಿಗದಿದ್ದರೆ ಮಾಲೀಕರೇ ವಾರಕ್ಕೊಮ್ಮೆ ಸ್ಟೇಟ್‌ಮೆಂಟನ್ನು ಎಕ್ಸೆಲ್‌ನಲ್ಲಿ ನೇರ ತೆರೆಯುವ ಸಿಎಸ್‌ವಿ ಫೈಲಾಗಿ ಇಳಿಸಿ ಕೊಡಲಿ, ಐದು ನಿಮಿಷದ ಕೆಲಸ. ಪಿಡಿಎಫ್ ಬದಲು ಸಿಎಸ್‌ವಿ ಬಂದರೆ ನೀವು ಟೈಪ್ ಮಾಡುವುದೇ ಇಲ್ಲ. 4,992 ಯಾವತ್ತೂ 4,929 ಆಗಲ್ಲ.

ನೀಲಿಹಾಳೆ

ನಾನು ಎಲ್ಲಾ ಎಕ್ಸೆಲ್ ಫೈಲಿಗೂ ಪಾಸ್‌ವರ್ಡ್ ಹಾಕುತ್ತೇನೆ. ಮೇಲ್‌ನಲ್ಲಿ ಫೈಲ್ ಕಳಿಸಿ ಕೆಳಗೇ ಪಾಸ್‌ವರ್ಡ್ ಬರೆಯುತ್ತೇನೆ. ಅಷ್ಟು ಸಾಕು ಅಲ್ವಾ?

ಬೀಗದಕೈ

ನೀಲಿಹಾಳೆ ಅವರೇ, ಯಾವ ಪಾಸ್‌ವರ್ಡ್ ಅಂತ ನೋಡಬೇಕು. `Protect Sheet` ಅಂತ ಇರುವುದು ಸೆಲ್‌ಗಳನ್ನು ತಪ್ಪಿ ಬದಲಾಯಿಸದಂತೆ ತಡೆಯಲು ಮಾತ್ರ. ಫೈಲ್ ಯಾರು ಬೇಕಾದರೂ ತೆರೆದು ಓದಬಹುದು. ಓದಲೂ ಆಗದಂತೆ ಮಾಡುವುದು `Encrypt with Password`. ಅದು `File`, `Info`, `Protect Workbook` ಒಳಗೆ ಸಿಗುತ್ತದೆ. ಇನ್ನು ಫೈಲೂ ಪಾಸ್‌ವರ್ಡೂ ಒಂದೇ ಮೇಲ್‌ನಲ್ಲಿ ಹೋದರೆ ಬೀಗ ಹಾಕಿ ಬೀಗದಕೈಯನ್ನು ಅದರಲ್ಲೇ ಬಿಟ್ಟ ಹಾಗೆ. ಪಾಸ್‌ವರ್ಡನ್ನು ಫೋನಿನಲ್ಲಿ ಒಮ್ಮೆ ಹೇಳಿಬಿಡಿ.

ನಿಜ ಹೇಳಬೇಕೆಂದರೆ ಫೈಲನ್ನು ಅತ್ತಿತ್ತ ಕಳಿಸುವುದನ್ನೇ ನಿಲ್ಲಿಸಿ. ಮಾಲೀಕರ ಹೆಸರಿನಲ್ಲಿ ಒಂದು ಹಂಚಿಕೆಯ ಫೋಲ್ಡರ್ ಇರಲಿ, ಅದಕ್ಕೆ ನಿಮ್ಮೊಬ್ಬರ ಇಮೇಲ್ ಸೇರಿಸಲಿ. "ಲಿಂಕ್ ಇರುವ ಯಾರಾದರೂ ನೋಡಬಹುದು" ಅನ್ನುವ ಆಯ್ಕೆ ಬೇಡ. ನಿಮ್ಮ ಖಾತೆಗೂ ಅವರ ಖಾತೆಗೂ ಎರಡು ಹಂತದ ಲಾಗಿನ್ ಹಾಕಿ.

ಹೊಸಲೆಡ್ಜರ್

ಬಿಲ್‌ಗಳ ಫೋಟೋ ಕೂಡ ವಾಟ್ಸಾಪ್‌ನಲ್ಲೇ ಬರುತ್ತಿವೆ. ಈಗ ನೋಡಿದರೆ ನನ್ನ ಫೋನಿನ ಗ್ಯಾಲರಿಯಲ್ಲಿ ಮಗಳ ಫೋಟೋಗಳ ನಡುವೆ ಅವರ ಅರವತ್ತು ಬಿಲ್, ಎರಡು ಚೆಕ್, ಕೆಲಸದವರ ಸಂಬಳದ ಪಟ್ಟಿ ಎಲ್ಲಾ ಇವೆ. ಗ್ಯಾಲರಿ ತಾನಾಗಿಯೇ ಕ್ಲೌಡ್‌ಗೆ ಹೋಗುತ್ತದೆ. ಮನೆಯ ಎಲ್ಲರ ಫೋನಿಗೂ ಆ ಆಲ್ಬಮ್ ಹಂಚಿದೆ. ಇದು ಹೊಳೆದೇ ಇರಲಿಲ್ಲ.

ಬೀಗದಕೈ

ಇದು ತುಂಬಾ ಜನರಿಗೆ ಆಗುತ್ತದೆ. ಇವತ್ತು ಆ ಫೋಟೋಗಳನ್ನು ಕೆಲಸದ ಫೋಲ್ಡರ್‌ಗೆ ಸರಿಸಿ, ಗ್ಯಾಲರಿಯಲ್ಲೂ ಕ್ಲೌಡ್‌ನ ಕಸದ ಬುಟ್ಟಿಯಲ್ಲೂ ಅಳಿಸಿ. ಆ ಚಾಟ್‌ನ ಫೋಟೋಗಳು ಗ್ಯಾಲರಿಗೆ ಸೇರದಂತೆ ಸೆಟ್ಟಿಂಗ್ ಆಫ್ ಮಾಡಿ. ಮುಂದೆ ಮಾಲೀಕರು ಬಿಲ್‌ಗಳನ್ನು ನೇರ ಫೋಲ್ಡರ್‌ಗೇ ಹಾಕಲಿ.

ಸಂಬಳದ ಪಟ್ಟಿ ನಿಮಗೆ ಬೇಕೇ ಅಂತ ಕೇಳಿಕೊಳ್ಳಿ. ಸಂಬಳದ ಕೆಲಸ ನಿಮ್ಮದಲ್ಲದಿದ್ದರೆ ಪುಸ್ತಕಕ್ಕೆ ತಿಂಗಳ ಒಟ್ಟು ಮೊತ್ತ ಸಾಕು. ಯಾರಿಗೆ ಎಷ್ಟು ಅನ್ನುವುದು ನಿಮ್ಮ ಹತ್ತಿರ ಇರಬೇಕಾಗಿಲ್ಲ. ನಿಮ್ಮ ಹತ್ತಿರ ಇಲ್ಲದ್ದು ನಿಮ್ಮಿಂದ ಸೋರಲ್ಲ.

ಗಲ್ಲಾಪೆಟ್ಟಿಗೆ

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ತಾಳೆಪಟ್ಟಿ

ಕ್ಷಮಿಸಿ ಗಲ್ಲಾಪೆಟ್ಟಿಗೆ ಅವರೇ. ನಿಮಗೆ ಆದದ್ದು ಅನ್ಯಾಯ. ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಬರೆಯಿರಿ. ಚಂದಾ ಹಣ ನಿಮ್ಮ ಕಾರ್ಡಿನಿಂದ ಹೋಗಿದ್ದರೆ ಅದರ ರಸೀದಿ ಜೊತೆಗಿಡಿ. ಕೊಟ್ಟೇ ಕೊಡುತ್ತಾರೆ ಅಂತ ನಾನು ಮಾತು ಕೊಡಲಾರೆ. ಜೊತೆಗೆ ಹಳೆಯವರಿಗೆ ಬರಹದಲ್ಲಿ ಒಂದೇ ವಿಷಯ ಕೇಳಿ: ಖಾತೆಯ ಯಜಮಾನಿಕೆ ನಿಮ್ಮ ಇಮೇಲ್‌ಗೆ ವರ್ಗಾಯಿಸಲಿ. ಜಗಳದ ಮಾತು ಅದರಲ್ಲಿ ಬೇಡ. ಏನೂ ಆಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಕಾರ್ಡ್ ರಿಪೋರ್ಟ್, ಬಿಲ್‌ಗಳಿಂದ ಮತ್ತೆ ಬರೆಸಬೇಕು. ಅದು ಖರ್ಚಿನ ಕೆಲಸ, ಆದರೆ ಆಗದ ಕೆಲಸ ಅಲ್ಲ.

ಹೊಸಲೆಡ್ಜರ್ ಅವರೇ, ಇದನ್ನು ನೀವು ಓದಿ. ಜೋಹೋ ಬುಕ್ಸ್ ಆಗಲಿ, ಬೇರೆ ಲೆಕ್ಕದ ಸಾಫ್ಟ್‌ವೇರ್ ಆಗಲಿ, ಯಾವುದನ್ನೇ ಬಳಸಿ, ಖಾತೆ ಮಾಲೀಕರ ಇಮೇಲ್‌ನಲ್ಲಿ ತೆರೆಯಿರಿ. ಚಂದಾ ಅವರೇ ಕಟ್ಟಲಿ, ನಿಮ್ಮನ್ನು ಯೂಸರ್ ಅಂತ ಸೇರಿಸಲಿ. ಕೆಲಸ ಬಿಟ್ಟ ದಿನ ನಿಮ್ಮ ಹೆಸರು ತೆಗೆದರೆ ಆಯಿತು. ಲೆಕ್ಕ ಅವರ ಹತ್ತಿರವೇ ಉಳಿಯುತ್ತದೆ.

ಹೊಸಲೆಡ್ಜರ್

ಇನ್ನು ಶುಲ್ಕ. ಒಬ್ಬರು ಗಂಟೆ ಲೆಕ್ಕ ಅನ್ನುತ್ತಾರೆ, ಒಬ್ಬರು ಮಾರಾಟದ ಮೇಲೆ ಶೇಕಡಾ ಅನ್ನುತ್ತಾರೆ.

ತಾಳೆಪಟ್ಟಿ

ಶೇಕಡಾ ಬೇಡ. ದುಬಾರಿ ವಸ್ತು ಮಾರುವ ಅಂಗಡಿಗೆ ದಿನಕ್ಕೆ ಹತ್ತೇ ಬಿಲ್ ಇರಬಹುದು, ಪೆನ್ಸಿಲ್ ಮಾರುವವರಿಗೆ ಸಾಮಾನು ಕೊಡುವವರೇ ಮೂವತ್ತು ಜನ ಇರಬಹುದು. ನಿಮ್ಮ ಕೆಲಸ ಸಾಲುಗಳ ಸಂಖ್ಯೆಯ ಮೇಲೆ ಇದೆ, ಮೊತ್ತದ ಮೇಲೆ ಅಲ್ಲ.

ಒಂದು ತಿಂಗಳು ಮುಗಿಸಿದ್ದೀರಿ, ಅದನ್ನೇ ಎಣಿಸಿ. ಬ್ಯಾಂಕಿನ ಸಾಲು ಎಷ್ಟು, ಖರೀದಿ ಬಿಲ್ ಎಷ್ಟು, ದಿನದ ಮಾರಾಟದ ರಿಪೋರ್ಟ್ ಎಷ್ಟು, ಒಂದೊಂದಕ್ಕೆ ಎಷ್ಟು ನಿಮಿಷ ಹಿಡಿಯಿತು.

ಹೊಸಲೆಡ್ಜರ್

ಬ್ಯಾಂಕ್ 180 ಸಾಲು, ಬಿಲ್ 60, ದಿನದ ರಿಪೋರ್ಟ್ 30. ಬಿಲ್‌ಗೆ ತಲಾ 6 ನಿಮಿಷ ಹಿಡಿಯಿತು, ಅಡ್ಡಡ್ಡ ಫೋಟೋ, ಅರ್ಧ ಕತ್ತರಿಸಿದ ಮೊತ್ತ. ಬ್ಯಾಂಕ್ ಸಾಲಿಗೆ 2 ನಿಮಿಷ, ಟೈಪ್ ಮಾಡಿದ್ದರಿಂದ. ದಿನದ ರಿಪೋರ್ಟಿಗೆ 4 ನಿಮಿಷ. ತಾಳೆ, ವರದಿ, ಫೋನಿನ ಪ್ರಶ್ನೆಗಳಿಗೆ ಎರಡೂವರೆ ಗಂಟೆ. ಒಟ್ಟು ಹದಿನಾರೂವರೆ ಗಂಟೆ.

ತಾಳೆಪಟ್ಟಿ

ಈಗ ಬೀಗದಕೈ ಹೇಳಿದ ದಾರಿಯಲ್ಲಿ ಮತ್ತೆ ಲೆಕ್ಕ ಹಾಕಿ. ಸಿಎಸ್‌ವಿ ಬಂದರೆ ಬ್ಯಾಂಕ್ ಸಾಲಿಗೆ ಸರಾಸರಿ 1 ನಿಮಿಷ ಸಾಕು, 3 ಗಂಟೆ. ಬಿಲ್‌ಗಳು ನೆಟ್ಟಗೆ ಫೋಲ್ಡರ್‌ಗೆ ಬಂದರೆ 3 ನಿಮಿಷ, ಅದೂ 3 ಗಂಟೆ. ದಿನದ ರಿಪೋರ್ಟ್ 2 ಗಂಟೆ. ಉಳಿದದ್ದು ಎರಡೂವರೆ. ಒಟ್ಟು ಹತ್ತೂವರೆ ಗಂಟೆ. ಗುಟ್ಟು ಕಾಪಾಡಲು ಮಾಡಿದ ಬದಲಾವಣೆಯೇ ಆರು ಗಂಟೆ ಉಳಿಸಿತು ನೋಡಿ.

ಆ ಹತ್ತೂವರೆಯನ್ನು ನಿಮ್ಮ ಗಂಟೆಯ ದರದಿಂದ ಗುಣಿಸಿ, ನಿಮ್ಮ ಇಂಟರ್ನೆಟ್, ಬ್ಯಾಕಪ್, ಪಾಸ್‌ವರ್ಡ್ ಮ್ಯಾನೇಜರ್ ಖರ್ಚಿನ ಪಾಲು ಸೇರಿಸಿ ತಿಂಗಳಿಗೆ ಒಂದೇ ಮೊತ್ತ ಹೇಳಿ. ಪತ್ರದಲ್ಲಿ ಮಿತಿ ಬರೆಯಿರಿ: 200 ಬ್ಯಾಂಕ್ ಸಾಲು, 70 ಬಿಲ್‌ವರೆಗೆ. ಎರಡು ತಿಂಗಳು ಸತತ ಮೀರಿದರೆ ಹೊಸ ಮಾತು. ಹಳೆಯ ತಿಂಗಳುಗಳ ಬಾಕಿ ಬರೆಯುವುದಿದ್ದರೆ ಅದಕ್ಕೆ ಬೇರೆ ಶುಲ್ಕ. ಅದನ್ನು ತಿಂಗಳ ಮೊತ್ತದಲ್ಲಿ ಸೇರಿಸಿಕೊಂಡವರು ಸೋತಿದ್ದಾರೆ, ನಾನೂ ಸೋತಿದ್ದೇನೆ.

ಸರಳಲೆಕ್ಕ

ನಾನು ಗಂಟೆ ಲೆಕ್ಕದಲ್ಲೇ ತಗೊಳ್ಳುವುದು. ಮಾಲೀಕರು ಬಿಲ್ ತಡವಾಗಿ ಕೊಟ್ಟರೆ ಅದರ ಭಾರ ಅವರ ಮೇಲೆಯೇ ಬೀಳುತ್ತದೆ. ಒಂದೇ ಮೊತ್ತದಲ್ಲಿ ಸುಮ್ನೆ ನಮ್ಮ ಸಮಯ ಹೋಗುತ್ತದೆ.

ತಾಳೆಪಟ್ಟಿ

ಮೊದಲ ಮೂರು ತಿಂಗಳಿಗೆ ನಿಮ್ಮ ಮಾತು ಒಪ್ಪುತ್ತೇನೆ. ಆಮೇಲೆ ಕೆಲಸ ಕೈ ಹತ್ತಿ ಬೇಗ ಮುಗಿದಂತೆ ಗಂಟೆ ಲೆಕ್ಕದವರ ಸಂಪಾದನೆ ಕಡಿಮೆ ಆಗುತ್ತದೆ. ಅದು ನನಗೆ ಸರಿ ಕಾಣಲ್ಲ. ಬಿಲ್ ತಡವಾಗುವುದಕ್ಕೆ ನಾನು ತಾರೀಖು ಇಡುತ್ತೇನೆ. 5ನೇ ತಾರೀಖಿನೊಳಗೆ ಬಂದದ್ದು ಈ ತಿಂಗಳ ವರದಿಗೆ, ಆಮೇಲಿನದು ಮುಂದಿನ ತಿಂಗಳಿಗೆ.

ಹೊಸಲೆಡ್ಜರ್

ಐದು ದಿನ ಆಯಿತು, ಬರೆಯಲು ಬಂದೆ. ಮಾಲೀಕರು ಪಾಸ್‌ವರ್ಡ್ ಬದಲಾಯಿಸಿದರು. ಅವರ ಬ್ಯಾಂಕ್ ನೋಡಲು ಮಾತ್ರದ ಯೂಸರ್ ಕೊಟ್ಟಿದೆ, ಸಿಎಸ್‌ವಿ ನಾನೇ ಇಳಿಸುತ್ತೇನೆ. ಗ್ಯಾಲರಿ ಖಾಲಿ ಮಾಡಿದೆ. ಹತ್ತೂವರೆ ಗಂಟೆಯ ಲೆಕ್ಕ ತೋರಿಸಿ ಒಂದೇ ಮೊತ್ತ ಹೇಳಿದೆ, ಚೌಕಾಸಿ ಮಾಡದೆ ಒಪ್ಪಿದರು.

ಆದರೆ ಈಗ ಅವರು ಸಾಮಾನು ಕೊಡುವವರಿಗೆ ಹಣ ಕಟ್ಟುವ ಕೆಲಸವನ್ನೂ ನನಗೇ ಕೊಡುತ್ತೇನೆ ಅನ್ನುತ್ತಿದ್ದಾರೆ. ಜಾಸ್ತಿ ಶುಲ್ಕ ಕೊಡುತ್ತಾರಂತೆ.

ಬೀಗದಕೈ

ಪಾವತಿಯ ಪಟ್ಟಿ ಸಿದ್ಧ ಮಾಡಿಕೊಡಿ, ಒತ್ತುವ ಬೆರಳು ಅವರದೇ ಇರಲಿ. ಪುಸ್ತಕ ಬರೆಯುವವರೇ ಹಣವನ್ನೂ ಕಳಿಸಿದರೆ ತಪ್ಪು ಹಿಡಿಯುವ ಇನ್ನೊಂದು ಕಣ್ಣು ಇರಲ್ಲ. ಮತ್ತೆ ಯಾರಾದರೂ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಮೇಲ್ ಕಳಿಸಿದರೆ ಆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಹಳೆಯ ಬಿಲ್‌ನಲ್ಲಿರುವ ನಂಬರಿಗೆ ಮಾಡಿ ಕೇಳಿ.

ತಾಳೆಪಟ್ಟಿ

ನಾನು ಒಬ್ಬ ಹಳೆಯ ಗಿರಾಕಿಗೆ ಪಾವತಿ ಮಾಡಿಕೊಡುತ್ತೇನೆ. ಅಲ್ಲಿ ನಾನು ದಾಖಲಿಸಿದ್ದನ್ನು ಅವರು ಒಪ್ಪಿದ ಮೇಲಷ್ಟೇ ಹಣ ಹೋಗುವಂತೆ ಬ್ಯಾಂಕಿನಲ್ಲೇ ವ್ಯವಸ್ಥೆ ಇದೆ. ನಿಮ್ಮ ಮಾಲೀಕರ ಬ್ಯಾಂಕಿನಲ್ಲಿ ಅದು ಇದೆಯಾ ಅಂತ ವಿಚಾರಿಸಿ.

ಹೊಸಲೆಡ್ಜರ್

ನಾಳೆ ಕೇಳುತ್ತೇನೆ. ಅಲ್ಲಿಯವರೆಗೆ ಪಟ್ಟಿ ಮಾತ್ರ ಕಳಿಸುತ್ತೇನೆ ಅಂತ ಅವರಿಗೆ ಈಗಲೇ ಬರೆದೆ.